ಸಾಕ್ಷಿ ಅಳಿಸಿ ಕೊಟ್ಟ ಶಿಕ್ಷೆ

ಬೆಳಗ್ಗೆಯಿಂದ ಮನಸ್ಸು ಸರಿಯಿಲ್ಲ. ನಾನು ಮಾಡರೇಟರ್ ಆಗಿರುವ ಡಿಸ್ಕಾರ್ಡ್ ಸರ್ವರ್ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ರಾತ್ರಿ ಅಲ್ಲಿಗೆ ಒಂದು ಅಪೀಲ್ ಬಂತು. 52 ದಿನದ ಹಿಂದೆ ಶಾಶ್ವತವಾಗಿ ಬ್ಯಾನ್ ಆದ ಹುಡುಗ ಒಂದೇ ಸಾಲು ಬರೆದಿದ್ದ: 'ನಾನು ಏನು ತಪ್ಪು ಮಾಡಿದೆ ಅಂತ ಹೇಳ್ತೀರಾ?'

ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಬ್ಯಾನ್ ಪಟ್ಟಿ ತೆಗೆದು ನೋಡಿದೆ. ಕಾರಣದ ಜಾಗದಲ್ಲಿ 'ಟಾಕ್ಸಿಕ್' ಅಂತ ಒಂದೇ ಪದ. ಆಡಿಟ್ ಲಾಗ್ ನೋಡಿದೆ. ಅದು 45 ದಿನ ಮಾತ್ರ ಉಳಿಯುತ್ತದೆ, ಹಾಗಾಗಿ ಆ ರಾತ್ರಿಯದ್ದು ಹೋಗಿಬಿಟ್ಟಿತ್ತು. ಇದ್ದಿದ್ದರೂ ಯಾರು ಯಾರನ್ನು ಬ್ಯಾನ್ ಮಾಡಿದರು ಅಂತ ತಿಳಿಯುತ್ತಿತ್ತು, ಅಷ್ಟೇ. ಅಳಿಸಿದ ಮೆಸೇಜಿನಲ್ಲಿ ಏನಿತ್ತು ಅನ್ನೋದನ್ನು ಆ ಲಾಗ್ ಯಾವತ್ತೂ ಇಟ್ಟುಕೊಳ್ಳುವುದಿಲ್ಲ.

ಆಮೇಲೆ ಚಾನೆಲ್‌ಗೆ ಹೋಗಿ ಆ ದಿನದವರೆಗೂ ಸ್ಕ್ರಾಲ್ ಮಾಡಿದೆ. ಹುಡುಗನ ಒಂದು ಮಾತೂ ಇಲ್ಲ. ಬ್ಯಾನ್ ಮಾಡುವಾಗ ಆ ವ್ಯಕ್ತಿಯ ಹಳೆಯ ಮೆಸೇಜುಗಳನ್ನೂ ಅಳಿಸಬೇಕಾ ಅಂತ ಕೇಳುತ್ತದಲ್ವಾ? ಏನೂ ಅಳಿಸಬೇಡ ಅನ್ನುವುದರಿಂದ ಹಿಡಿದು 7 ದಿನದವರೆಗೆ ಆಯ್ಕೆ ಇದೆ. ನಮ್ಮವರು 7 ದಿನ ಆರಿಸಿದ್ದರು. ಬ್ಯಾನ್ ವಾಪಸ್ ತೆಗೆದರೂ ಆ ಮೆಸೇಜುಗಳು ಮರಳಿ ಬರುವುದಿಲ್ಲ.

ಉಳಿದಿದ್ದು ಅವನ ಸ್ನೇಹಿತನ ಒಂದು ಉತ್ತರ. ಅದರ ಮೇಲೆ 'Original message was deleted' ಅಂತ ಬೂದು ಬಣ್ಣದ ಸಾಲು. ಕೆಳಗೆ: 'ಮುಗಿಸು ನೋಡೋಣ, ಮೊನ್ನೆ ಸೋತಿದ್ದು ಮರೆತೆಯಾ? ಒಂಬತ್ತಕ್ಕೆ ಲಾಬಿಗೆ ಬಾ.' ಆ ಸ್ನೇಹಿತನನ್ನೇ ಕೇಳಿದೆ. ಹುಡುಗ ಬರೆದಿದ್ದು 'ಇವತ್ತು ನಿನ್ನ ಕಥೆ ಮುಗಿಸ್ತೀನಿ' ಅಂತ. ಆಟದ ಪಂಥ. ಅದೊಂದೇ ಸಾಲಿನ ಸ್ಕ್ರೀನ್‌ಶಾಟ್ ಯಾರೋ ಕಳಿಸಿದ್ದರು. ಮೇಲೆ ಕೆಳಗೆ ಏನಿದೆ ಅಂತ ನೋಡದೆ ಅದನ್ನು ಬೆದರಿಕೆ ಅಂದುಕೊಂಡೆವು.

'ನಾವು' ಅಂತಲೇ ಬರೆಯುತ್ತಿದ್ದೇನೆ. ಆ ರಾತ್ರಿ ಮಾಡರೇಟರ್ ಚಾನೆಲ್‌ನಲ್ಲಿ 'ಬ್ಯಾನ್ ಮಾಡ್ಲಾ?' ಅಂತ ಕೇಳಿದಾಗ, ಲಿಂಕ್ ತೆಗೆದು ಓದದೆ ಹೆಬ್ಬೆರಳು ಎತ್ತಿದ ಇಮೋಜಿ ಒತ್ತಿ ಮಲಗಿದವನು ನಾನು. ಎರಡನೆಯವರ ಒಪ್ಪಿಗೆ ಬೇಕು ಅನ್ನುವ ನಿಯಮ ನಮ್ಮಲ್ಲಿ ಮೊದಲೇ ಇತ್ತು. ಓದಿ ಒಪ್ಪಬೇಕು ಅಂತ ಇರಲಿಲ್ಲ.

ಪೂರ್ತಿ ಓದಿ ಆಮೇಲೆ ಬ್ಯಾನ್ ಮಾಡೋಣ ಅಂದರೆ, 'ಕಾಯುತ್ತಾ ಕೂತರೆ ಕೆಟ್ಟವರು ಸರ್ವರ್ ಹಾಳು ಮಾಡ್ತಾರೆ' ಅನ್ನುತ್ತಾರೆ ನನ್ನ ಜೊತೆಯವರು. ಕಾಯಬೇಕು ಅಂತ ಯಾರು ಹೇಳಿದರು? ಟೈಮ್‌ಔಟ್ ಇರೋದೇ ಅದಕ್ಕೆ. ಅದನ್ನು 28 ದಿನದವರೆಗೆ ಹಾಕಬಹುದು. ಟೈಮ್‌ಔಟ್ ಬಿದ್ದವರು ಓದಬಹುದು, ಬರೆಯೋಕೆ ಆಗಲ್ಲ, ವಾಯ್ಸ್‌ನಲ್ಲಿ ಮಾತಾಡೋಕೂ ಆಗಲ್ಲ. ಬಾಯಿ ಆ ಕ್ಷಣವೇ ಮುಚ್ಚಿತು, ಸಾಕ್ಷಿಯೂ ಉಳಿಯಿತು. ಸ್ಪ್ಯಾಮ್ ಸುರಿಯುವ ಖಾತೆಗಳನ್ನು ನೇರ ಬ್ಯಾನ್ ಮಾಡಿ, ನನ್ನ ತಕರಾರಿಲ್ಲ. ಯಾರದ್ದಾದರೂ ಮನೆ ವಿಳಾಸ ಹಾಕಿದ್ದರೆ ಆ ಮೆಸೇಜನ್ನು ತಕ್ಷಣ ಅಳಿಸಲೇಬೇಕು. ಆದರೆ ವಿಳಾಸ ಮರೆಮಾಡಿದ ಒಂದು ಪ್ರತಿ ಇಟ್ಟುಕೊಂಡು ಅಳಿಸಿ.

ಇವತ್ತು ಮಧ್ಯಾಹ್ನ ಕೂತು ನಿಯಮ ತಿದ್ದಿ ಬರೆದೆ. ಮೊದಲು ಯಾವ ಮೆಸೇಜು, ಯಾವ ನಿಯಮ ಮುರಿಯಿತು ಅಂತ ತಿಳಿಸಿ ಎಚ್ಚರಿಕೆ. ಮತ್ತೆ ಮಾಡಿದರೆ ಒಂದು ದಿನದ ಟೈಮ್‌ಔಟ್, ಆಮೇಲೆ ಒಂದು ವಾರದ್ದು. ಶಾಶ್ವತ ಬ್ಯಾನ್ ಬೇಕು ಅನ್ನಿಸಿದರೆ ಟೈಮ್‌ಔಟ್‌ನಲ್ಲಿಟ್ಟು 24 ಗಂಟೆ ಬಿಡಬೇಕು. ಆ ಜಗಳದಲ್ಲಿ ಇಲ್ಲದ ಇನ್ನೊಬ್ಬ ಮಾಡರೇಟರ್ ಪೂರ್ತಿ ಮಾತುಕತೆ ಓದಿ, ತನಗೆ ಏನು ಕಂಡಿತು ಅಂತ ಎರಡು ಸಾಲು ಬರೆಯಬೇಕು. ಹೆಬ್ಬೆರಳು ನಡೆಯಲ್ಲ. ಕಾರಣ ಮತ್ತು ಅಪೀಲ್ ದಾರಿ ತಿಳಿಸುವ ಮೆಸೇಜು ಬ್ಯಾನ್‌ಗಿಂತ ಮೊದಲೇ ಹೋಗಬೇಕು. ಬ್ಯಾನ್ ಆದಮೇಲೆ ಆ ಮೆಸೇಜು ಕಳಿಸುವ ನಮ್ಮ ಬಾಟ್‌ಗೂ ಆ ವ್ಯಕ್ತಿಗೂ ಒಂದೇ ಸರ್ವರ್ ಅಂತ ಇರಲ್ಲ, ಆಗ ಕಳಿಸಿದ್ದು ತಲುಪುವುದೇ ಇಲ್ಲ. ಅಪೀಲ್ ಫಾರ್ಮ್ ಒಂದಿದೆ ಅಂತ ಈ ಹುಡುಗನಿಗೆ ಗೊತ್ತಾಗೋಕೆ 52 ದಿನ ಹಿಡಿದಿದ್ದು ಅದಕ್ಕೇ.

ಶಿಕ್ಷೆ ಕೊಟ್ಟಾಗ ದಾಖಲೆ ಇಡಬೇಕು ಅಂತಲೂ ಬರೆದೆ. 'ಲಾಗ್ ಇಡೋದು ಅಂದ್ರೆ ಬೇಹುಗಾರಿಕೆ' ಅಂತ ಆಗಲೇ ಒಬ್ಬರು ಸಿಟ್ಟಾದರು. ಎಲ್ಲರ ಹರಟೆ ಯಾರಿಗೆ ಬೇಕು? ಶಿಕ್ಷೆ ಕೊಟ್ಟ ಮೆಸೇಜು, ಅದರ ಮುಂಚಿನ ಹತ್ತು, ನಂತರದ ಹತ್ತು. ಮಾಡರೇಟರ್‌ಗಳಿಗೆ ಮಾತ್ರ ಕಾಣುವ ಚಾನೆಲ್‌ನಲ್ಲಿ ಪ್ರತಿ ಮಾಡಿ ಇಡೋದು. ಬರೀ ಲಿಂಕ್ ಇಟ್ಟರೆ ಮೆಸೇಜು ಅಳಿದಾಗ ಅದೂ ಸತ್ತಂತೆ. ಎಚ್ಚರಿಕೆಯ ದಾಖಲೆ 90 ದಿನಕ್ಕೆ ಅಳಿಸೋದು. ಬ್ಯಾನ್‌ನದ್ದು ಆರು ತಿಂಗಳು, ಯಾಕೆಂದರೆ ಅಪೀಲ್‌ಗೆ ಅಷ್ಟು ಸಮಯ ಕೊಟ್ಟಿದ್ದೇವೆ. ಅಪೀಲ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ. ಇದನ್ನೆಲ್ಲ ಸದಸ್ಯರಿಗೆ ಕಾಣುವ ನಿಯಮದಲ್ಲೇ ಬರೆದಿದ್ದೇನೆ. ಬ್ಯಾನ್ ಮಾಡಿ ಮಾತೆಲ್ಲ ಅಳಿಸಿಹಾಕುವುದಕ್ಕಿಂತ ಇದು ಹೇಗೆ ದೊಡ್ಡ ಅನ್ಯಾಯ ಆಗುತ್ತದೋ ನನಗೆ ತಿಳಿಯಲಿಲ್ಲ.

ಹುಡುಗನ ಬ್ಯಾನ್ ತೆಗೆದಿದ್ದೇನೆ. ನಡೆದಿದ್ದನ್ನು, ನನ್ನ ಪಾಲನ್ನೂ ಸೇರಿಸಿ, ಬರೆದು ಕ್ಷಮೆ ಕೇಳಿ ಹೊಸ ಇನ್ವೈಟ್ ಕಳಿಸಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅವನಿನ್ನೂ ಒಳಗೆ ಬಂದಿಲ್ಲ.