ಗಂಟೆಗೆ 12 ನಿಮಿಷ ಖಾಲಿ ಇರೋ ಕೌಂಟರ್ ಮುಂದೆ 16 ನಿಮಿಷ ಕಾಯೋದು ಯಾಕೆ?

ಜೂನ್ ಬಂತೆಂದರೆ ನಮ್ಮ ದಾವಣಗೆರೆಯಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಕೌಂಟರ್‌ಗಳ ಮುಂದೆ ಜನ ಜಮಾಯಿಸುತ್ತಾರೆ. ಅಡ್ಮಿಷನ್‌ಗೆ ಬೇಕು, ಹಾಸ್ಟೆಲ್‌ಗೆ ಬೇಕು, ಸ್ಕಾಲರ್‌ಶಿಪ್‌ಗೆ ಬೇಕು. ಕ್ಯೂ ಸ್ವಲ್ಪ ಉದ್ದ ಆಯ್ತು ಅಂದ ಕೂಡಲೇ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು, ಒಳಗೆ ಕೂತವರು ನಿಧಾನ. ಇನ್ನೊಂದು, ಜನ ಜಾಸ್ತಿ ಆದರು. ನಾನು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ನನ್ನ ಅಭಿಪ್ರಾಯ ಬೇರೆಯೇ ಇದೆ. ಒಂದೇ ಕೌಂಟರ್ ಇರುವ ಕಡೆ ಎಲ್ಲರ ಹೊತ್ತನ್ನು ತಿನ್ನುವುದು ಕೆಲವೇ ಕೆಲವು ಉದ್ದನೆಯ ಕೆಲಸಗಳು. ಹೊಸ ಕಂಪ್ಯೂಟರ್ ತರುವ ಮೊದಲು, ಆಪರೇಟರ್ ಮೇಲೆ ರೇಗುವ ಮೊದಲು, ಆ ಉದ್ದನೆಯ ಕೆಲಸಗಳಿಗೆ ಕೈ ಹಾಕಬೇಕು. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಕೂಡೋದು, ಗುಣಿಸೋದು, ಭಾಗಿಸೋದು ಬಂದರೆ ಸಾಕು.

ಒಂದು ಕೌಂಟರ್, ಒಬ್ಬರೇ ಆಪರೇಟರ್. ಲೆಕ್ಕ ಸುಲಭ ಆಗಲಿ ಅಂತ ನಾನೇ ಅಂಕಿ ಇಟ್ಟುಕೊಂಡಿದ್ದೇನೆ. ಬರುವ ಐದು ಜನರಲ್ಲಿ ನಾಲ್ವರದು ಚಿಕ್ಕ ಕೆಲಸ: ಹಿಂದೆ ಕೊಟ್ಟ ಅರ್ಜಿಯ ಪ್ರಿಂಟ್ ತೆಗೆಸಿಕೊಂಡು ಹೋಗೋದು, 2 ನಿಮಿಷ. ಒಬ್ಬರದು ಹೊಸ ಅರ್ಜಿ, 12 ನಿಮಿಷ. ಐದು ಜನಕ್ಕೆ ಸೇರಿ 20 ನಿಮಿಷ, ಅಂದರೆ ತಲೆಗೆ ಸರಾಸರಿ 4 ನಿಮಿಷ. ಗಂಟೆಗೆ ಸರಾಸರಿ 12 ಜನ ಬರುತ್ತಾರೆ ಅನ್ನಿ, ಅಂದರೆ 5 ನಿಮಿಷಕ್ಕೆ ಒಬ್ಬರು. ಹನ್ನೆರಡು ಜನಕ್ಕೆ ನಾಲ್ಕು ನಿಮಿಷದಂತೆ 48 ನಿಮಿಷದ ಕೆಲಸ. ಗಂಟೆಯಲ್ಲಿ 12 ನಿಮಿಷ ಆಪರೇಟರ್‌ಗೆ ಬಿಡುವೇ ಇರುತ್ತದೆ.

ಹಾಗಿದ್ದ ಮೇಲೆ ಯಾರೂ ಕಾಯಲೇಬಾರದು ಅನ್ನಿಸುತ್ತೆ, ಅಲ್ವಾ? ಎಲ್ಲರೂ ಗಡಿಯಾರ ನೋಡಿಕೊಂಡು ಸರಿಯಾಗಿ 5 ನಿಮಿಷಕ್ಕೊಬ್ಬರಂತೆ ಬಂದು, ಎಲ್ಲರ ಕೆಲಸವೂ ಸರಿಯಾಗಿ 4 ನಿಮಿಷದಲ್ಲಿ ಮುಗಿದರೆ ನಿಜವಾಗಿಯೂ ಯಾರೂ ಕಾಯಬೇಕಿಲ್ಲ. ಆದರೆ ಜನ ಹಾಗೆ ಬರುವುದಿಲ್ಲ. ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಒಮ್ಮೆ ಒಂದೇ ನಿಮಿಷದಲ್ಲಿ ಮೂವರು ಬರುತ್ತಾರೆ, ಆಮೇಲೆ ಕಾಲು ಗಂಟೆ ಯಾರ ಸುಳಿವೂ ಇಲ್ಲ. ಆ ಕಾಲು ಗಂಟೆ ಖಾಲಿ ಹೋಯಿತು ಅಂದರೆ ಹೋಯಿತು. ಅದನ್ನು ಎತ್ತಿಟ್ಟುಕೊಂಡು ಮುಂದಿನ ಮೂವರಿಗೆ ಬಳಸಲು ಆಗುವುದಿಲ್ಲ. ಬಿಡುವೂ ಇದ್ದು ಕ್ಯೂವೂ ಇರುವುದಕ್ಕೆ ಮೂಲ ಕಾರಣ ಇದೇ. ಇದನ್ನು ಮೊದಲು ಗಣಿತಕ್ಕೆ ಇಳಿಸಿದವರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಪ್ರಮುಖರು. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಅವರು 1909ರಲ್ಲಿ, ಕರೆಗಳು ಹೀಗೆ ಯದ್ವಾತದ್ವಾ ಬರುವುದನ್ನು ಲೆಕ್ಕಕ್ಕೆ ಹಿಡಿದು ಪ್ರಬಂಧ ಬರೆದರು.

ಈಗ ನಮ್ಮ ಕೌಂಟರ್‌ಗೆ ಬನ್ನಿ. ನೀವು ಬಾಗಿಲಿಗೆ ಬಂದಿರಿ. ನಿಮ್ಮ ಕಾಯುವಿಕೆಯಲ್ಲಿ ಎರಡು ಪಾಲು ಇವೆ. ಮೊದಲನೆಯದು, ಈಗಾಗಲೇ ಕೌಂಟರ್ ಮುಂದೆ ಇರುವವರ ಕೆಲಸದಲ್ಲಿ ಉಳಿದಿರೋದು. ಎರಡನೆಯದು, ಅವರ ಹಿಂದೆ ನಿಮಗಿಂತ ಮೊದಲು ನಿಂತಿರುವವರ ಪೂರ್ತಿ ಕೆಲಸ.

ಮೊದಲ ಪಾಲನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಎಲ್ಲರೂ ಎಡವುವುದು ಇಲ್ಲೇ. ಸರಾಸರಿ ಕೆಲಸ 4 ನಿಮಿಷದ್ದು, ನಾನು ಬರುವ ಹೊತ್ತಿಗೆ ಅರ್ಧ ಆಗಿರುತ್ತೆ, ಇನ್ನು 2 ನಿಮಿಷ ಉಳಿದಿರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ತಪ್ಪು. ಐದು ಜನರ 20 ನಿಮಿಷದಲ್ಲಿ ಹೊಸ ಅರ್ಜಿಯ ಒಬ್ಬರೇ 12 ನಿಮಿಷ ತೆಗೆದುಕೊಳ್ಳುತ್ತಾರೆ. ತಲೆ ಎಣಿಸಿದರೆ ಅವರು ಐದರಲ್ಲಿ ಒಬ್ಬರು. ಆದರೆ ಕೌಂಟರ್ ಕೆಲಸದಲ್ಲಿರುವ ಹೊತ್ತನ್ನು ಎಣಿಸಿದರೆ ನೂರಕ್ಕೆ 60 ಭಾಗ ಅವರದೇ. ಹಾಗಾಗಿ ಕೌಂಟರ್ ಬಿಡುವಿಲ್ಲದಾಗ ನೀವು ಬಂದರೆ, ಹತ್ತರಲ್ಲಿ ಆರು ಸಲ ನಿಮಗೆ ಎದುರಾಗುವುದು 12 ನಿಮಿಷದ ಕೆಲಸವೇ. ಅದರಲ್ಲಿ ಸರಾಸರಿ 6 ನಿಮಿಷ ಉಳಿದಿರುತ್ತದೆ. ಉಳಿದ ನಾಲ್ಕು ಸಲ ಚಿಕ್ಕ ಕೆಲಸ, ಅದರಲ್ಲಿ 1 ನಿಮಿಷ ಉಳಿದಿರುತ್ತದೆ. ಎರಡನ್ನೂ ಸೇರಿಸಿದರೆ ಉಳಿಕೆ ಸರಾಸರಿ 4 ನಿಮಿಷ, 2 ಅಲ್ಲ. "ನಾನು ಬಂದಾಗಲೇ ಎಲ್ಲಾ ಉದ್ದನೆ ಕೆಲಸದವರು ಸಿಗ್ತಾರೆ" ಅಂತ ಗೊಣಗುವವರ ಅನುಭವ ನಿಜವೇ. ಅದಕ್ಕೆ ಅದೃಷ್ಟವನ್ನು ಬೈಯಬೇಕಾಗಿಲ್ಲ.

ಗಂಟೆಯಲ್ಲಿ 48 ನಿಮಿಷ, ಅಂದರೆ ಹತ್ತರಲ್ಲಿ ಎಂಟು ಪಾಲು ಹೊತ್ತು ಮಾತ್ರ ಕೌಂಟರ್‌ನಲ್ಲಿ ಕೆಲಸ ನಡೆಯುತ್ತಿರುತ್ತದೆ. ಆದ್ದರಿಂದ ಮೊದಲ ಪಾಲು 4 × 0.8 = 3.2 ನಿಮಿಷ.

ಎರಡನೆಯ ಪಾಲಿಗೆ, ಮುಂದೆ ನಿಂತವರು ಎಷ್ಟು ಜನ ಅಂತ ಬೇಕು. ಒಬ್ಬರು ಸರಾಸರಿ W ನಿಮಿಷ ಕಾಯುತ್ತಾರೆ, 5 ನಿಮಿಷಕ್ಕೆ ಒಬ್ಬರು ಬರುತ್ತಾರೆ ಅಂದರೆ ಕ್ಯೂನಲ್ಲಿ ಯಾವಾಗಲೂ ಸರಾಸರಿ W/5 ಜನ ಇರುತ್ತಾರೆ. ಒಬ್ಬೊಬ್ಬರಿಗೆ 4 ನಿಮಿಷ. ಹೀಗಾಗಿ:

W = 3.2 + 0.8 × W

0.8 × W ಅನ್ನು ಈಚೆಗೆ ತಂದರೆ 0.2 × W = 3.2, ಅಂದರೆ W = 3.2 ÷ 0.2 = 16 ನಿಮಿಷ. ಎರಡು ನಿಮಿಷದ ಪ್ರಿಂಟ್‌ಗೆ ಬಂದವರೂ ಸರಾಸರಿ 16 ನಿಮಿಷ ನಿಲ್ಲಬೇಕು. ಗಣಿತಜ್ಞರಾದ ಪೊಲಾಚೆಕ್ 1930ರಲ್ಲಿ, ಖಿಂಚಿನ್ 1932ರಲ್ಲಿ ಕೊಟ್ಟ ಸೂತ್ರ ಹೇಳುವುದೂ ಇದನ್ನೇ.

ಈ ಭಾಗಾಕಾರವನ್ನು ಇನ್ನೊಮ್ಮೆ ನೋಡಿ. ಕೆಳಗಿರುವ 0.2 ಏನು? ಆಪರೇಟರ್‌ಗೆ ಸಿಗುವ ಬಿಡುವು. ಮೇಲಿನ 3.2 ಉದ್ದನೆಯ ಕೆಲಸಗಳಿಂದ ಉಬ್ಬಿದ್ದು. ಕ್ಯೂ ಬೆಳೆಯೋದೂ ಕರಗೋದೂ ಈ ಎರಡರಿಂದಲೇ.

ಜೂನ್ ರಷ್‌ನಲ್ಲಿ ಗಂಟೆಗೆ 12ರ ಬದಲು 14 ಜನ ಬಂದರು ಅನ್ನಿ. ಇಬ್ಬರೇ ತಾನೇ ಜಾಸ್ತಿ! ಆದರೆ ಈಗ ಗಂಟೆಯಲ್ಲಿ 56 ನಿಮಿಷದ ಕೆಲಸ. ಬಿಡುವು ಐದನೇ ಒಂದು ಭಾಗದಿಂದ ಹದಿನೈದನೇ ಒಂದು ಭಾಗಕ್ಕೆ ಇಳಿಯಿತು. ಅದೇ ಲೆಕ್ಕ ಮಾಡಿದರೆ ಸರಾಸರಿ ಕಾಯುವ ಹೊತ್ತು 56 ನಿಮಿಷ. ಗಂಟೆಗೆ 15 ಜನ ಬಂದರಂತೂ ಬಿಡುವು ಸೊನ್ನೆ. ಆಗ ಸರಾಸರಿ ಅನ್ನೋದೇ ಉಳಿಯುವುದಿಲ್ಲ, ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಆಪರೇಟರ್ ಐದು ನಿಮಿಷ ಸುಮ್ನೆ ಕೂತಿದ್ದನ್ನು ಕಂಡು ಫೋಟೋ ತೆಗೆದು ಹಾಕುವವರಿಗೆ ನಾನು ಕೈಮುಗಿದು ಹೇಳುತ್ತೇನೆ: ಆ ಬಿಡುವು ಸೋಮಾರಿತನ ಅಲ್ಲ. ನಿಮ್ಮ ಕಾಯುವಿಕೆಯನ್ನು ಹಿಡಿತದಲ್ಲಿ ಇಟ್ಟಿರೋದೇ ಅದು.

ಹಾಗಾದರೆ ಏನು ಮಾಡಬೇಕು? ಆ 12 ನಿಮಿಷ ಎಲ್ಲಿ ಹೋಗುತ್ತದೆ ಅಂತ ಪಕ್ಕದಲ್ಲಿ ನಿಂತು ನೋಡಿ. ಹೊಸ ಅರ್ಜಿಗೆ ಬಂದ ಅಜ್ಜ ಪ್ಲಾಸ್ಟಿಕ್ ಕವರ್‌ನಿಂದ ಒಂದೊಂದೇ ಕಾಗದ ಬಿಡಿಸುತ್ತಾರೆ. ಆಧಾರ್ ಇದೆ, ರೇಷನ್ ಕಾರ್ಡಿನ ಜೆರಾಕ್ಸ್ ಇಲ್ಲ. ಹೆಸರಿನ ಸ್ಪೆಲಿಂಗ್ ಕೇಳಿದರೆ ಮೊಮ್ಮಗಳನ್ನು ಕೂಗಬೇಕು. ಕೊನೆಗೆ ಓಟಿಪಿ. ನಂಬರ್ ಮಗನದು, ಮಗ ಹೊಲದಲ್ಲಿ. "ಹಲೋ, ಅದೇನೋ ನಂಬರ್ ಬಂದೈತಂತೆ, ಓದಪ್ಪಾ" ಅನ್ನುವಷ್ಟರಲ್ಲಿ ಓಟಿಪಿ ಸಮಯ ಮುಗಿದಿರುತ್ತದೆ, ಇನ್ನೊಮ್ಮೆ ಕಳಿಸಬೇಕು. ಇದರಲ್ಲಿ ಆಪರೇಟರ್ ಟೈಪ್ ಮಾಡುವ ಹೊತ್ತು ಅರ್ಧವೂ ಇರುವುದಿಲ್ಲ.

ಈ ತಯಾರಿಯೆಲ್ಲ ಕೌಂಟರ್‌ಗೆ ಬರುವ ಮೊದಲೇ, ಹೊರಗಿನ ಬೆಂಚಿನ ಮೇಲೆ ಆಗಬೇಕು. ಏನೇನು ಕಾಗದ ಬೇಕು ಅಂತ ದೊಡ್ಡ ಅಕ್ಷರದ ಬೋರ್ಡ್, ಕಾಗದ ಜೋಡಿಸಿಕೊಡಲು ಒಬ್ಬ ಹುಡುಗ, ಓಟಿಪಿ ಫೋನ್ ಕೈಯಲ್ಲಿ ಇದ್ದರೆ ಮಾತ್ರ ಮುಂದೆ ಬನ್ನಿ ಅನ್ನುವ ಮಾತು. ಇದರಿಂದ 12 ನಿಮಿಷದ ಕೆಲಸ 7 ಆಯಿತು ಅನ್ನಿ. ಚಿಕ್ಕ ಕೆಲಸ ಮೊದಲಿನ ಹಾಗೇ 2 ನಿಮಿಷ. ಸರಾಸರಿ ಕೆಲಸ 4ರಿಂದ 3 ನಿಮಿಷಕ್ಕೆ ಇಳಿಯುತ್ತದೆ, ಬಿಡುವು ಐದರಲ್ಲಿ ಒಂದರಿಂದ ಐದರಲ್ಲಿ ಎರಡಕ್ಕೆ ಏರುತ್ತದೆ. ಮೇಲಿನ ಅಂಕಿಯೂ 3.2ರಿಂದ 1.3ಕ್ಕೆ ಬೀಳುತ್ತದೆ. 1.3 ಅನ್ನು 0.4ರಿಂದ ಭಾಗಿಸಿದರೆ ಮೂರೂಕಾಲು ನಿಮಿಷ. ಹದಿನಾರು ಎಲ್ಲಿ, ಮೂರೂಕಾಲು ಎಲ್ಲಿ! ಗಂಟೆಗೆ 14 ಜನ ಬರುವ ರಷ್‌ನಲ್ಲಿ 56 ನಿಮಿಷ ಕಾಯುತ್ತಿದ್ದ ಕಡೆ 5 ನಿಮಿಷ. ಆಪರೇಟರ್ ಅವರೇ, ಕಂಪ್ಯೂಟರ್ ಅದೇ.

ಇನ್ನೊಂದು ಉಪಾಯವನ್ನು ಜನ ತಾವೇ ಹೇಳುತ್ತಾರೆ. "ಅಕ್ಕಾ, ಬರೀ ಪ್ರಿಂಟ್ ಅಷ್ಟೇ, ಎರಡು ನಿಮಿಷ, ಬಿಡ್ತೀರಾ?" ಅಂತ ಒಬ್ಬ ಹುಡುಗ ಕೇಳಿದರೆ, ಹಿಂದಿನಿಂದ "ನಾವೇನ್ ಸುಮ್ನೆ ಪಾಳಿ ನಿಂತೀವೇನ್ರೀ?" ಅಂತ ಉತ್ತರ ಬರುತ್ತದೆ. ಲೆಕ್ಕದ ಪ್ರಕಾರ ಹುಡುಗನ ಮಾತಿನಲ್ಲಿ ಹುರುಳಿದೆ. ನಡೆಯುತ್ತಿರುವ ಕೆಲಸ ನಿಲ್ಲಿಸದೆ, ಮುಂದಿನ ಸರದಿಯನ್ನು ಯಾವಾಗಲೂ ಚಿಕ್ಕ ಕೆಲಸದವರಿಗೇ ಕೊಟ್ಟರೆ, ಗಂಟೆಗೆ 12 ಜನ ಬರುವಾಗ ಅವರ ಸರಾಸರಿ 16ರಿಂದ 4.7 ನಿಮಿಷಕ್ಕೆ ಇಳಿಯುತ್ತದೆ. ಎಲ್ಲರನ್ನೂ ಸೇರಿಸಿದರೆ ಸರಾಸರಿ ಸುಮಾರು ಎಂಟೂವರೆ. ಆದರೆ ಹೊಸ ಅರ್ಜಿಯವರು ಇಪ್ಪತ್ಮೂರೂವರೆ ನಿಮಿಷ ಕಾಯಬೇಕಾಗುತ್ತದೆ. ನನಗೆ ಇದು ಮೊದಲ ಆಯ್ಕೆಯಾಗಿ ಒಪ್ಪಿಗೆ ಇಲ್ಲ. ಜಗಳೂರಿನ ಕಡೆಯ ಹಳ್ಳಿಯಿಂದ ಕೂಲಿ ಬಿಟ್ಟು ಬಂದವರನ್ನು ಇನ್ನೂ ಹಿಂದಕ್ಕೆ ತಳ್ಳಿ ಸರಾಸರಿ ಚೆನ್ನಾಗಿದೆ ಅನ್ನೋದು ಸರಿಯಲ್ಲ. ಬೆಂಚಿನ ಉಪಾಯದಲ್ಲಿ ಅವರ ಹೊತ್ತೂ ಉಳಿಯುತ್ತದೆ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಅನ್ನೋದನ್ನೂ ಹೇಳಬೇಕು. ಇದು ತುಂಬಾ ದಿನಗಳ ಸರಾಸರಿ. ಒಂದು ದಿನ 5 ನಿಮಿಷ, ಮರುದಿನ 40 ನಿಮಿಷ ಬಂದರೂ ಸೂತ್ರ ತಪ್ಪು ಅಂತಲ್ಲ. ಬಿಡುವು ಕಡಿಮೆ ಇದ್ದಷ್ಟೂ ದಿನದಿಂದ ದಿನಕ್ಕೆ ಏರುಪೇರು ಜಾಸ್ತಿ. ಬಾಗಿಲು ತೆಗೆಯುವ ಮೊದಲೇ ಇಪ್ಪತ್ತು ಜನ ನಿಂತಿದ್ದರೆ ಬೆಳಗಿನ ಹೊತ್ತಿಗೆ ಈ ಲೆಕ್ಕ ಹೊಂದುವುದಿಲ್ಲ, ಆ ಗುಂಪು ಕರಗಿದ ಮೇಲೇ ನೋಡಬೇಕು. ಬಸ್ ಇಳಿದು ಐದಾರು ಜನ ಒಟ್ಟಿಗೆ ಬಂದರೂ ಅಷ್ಟೇ, ನಿಜವಾದ ಕಾಯುವಿಕೆ ಇದಕ್ಕಿಂತ ಜಾಸ್ತಿ ಇರುತ್ತದೆ.

ನಿಮ್ಮ ಕಡೆಯ ಕೌಂಟರ್‌ನಲ್ಲಿ ಪರೀಕ್ಷಿಸಲು ಸ್ಟಾಪ್‌ವಾಚ್ ಬೇಡ. ಬೆಳಗಿನ ಗುಂಪು ಕರಗಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಕಾಯುತ್ತಿರುವವರ ತಲೆ ಎಣಿಸಿ, ಕೌಂಟರ್ ಮುಂದೆ ಇರುವವರನ್ನು ಬಿಟ್ಟು. ಗಂಟೆಗೆ ಎಷ್ಟು ಜನ ಬಂದರು ಅಂತಲೂ ಬರೆದಿಡಿ. ಸರಾಸರಿ ತಲೆಗಳನ್ನು ನಿಮಿಷಕ್ಕೆ ಬಂದವರ ಸಂಖ್ಯೆಯಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದು, ಜನ ಹೇಗೇ ಬಂದರೂ ಅನ್ವಯಿಸುತ್ತದೆ. ಜೊತೆಗೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿದ ಕೆಲಸಗಳನ್ನು ಮಾತ್ರ ಬೇರೆ ಬರೆದುಕೊಂಡು, ಒಂದೊಂದರ ಮುಂದೆ ಏನು ತಡ ಆಯಿತು ಅಂತ ಎರಡು ಪದ ಹಾಕಿ: ಜೆರಾಕ್ಸ್, ಓಟಿಪಿ, ಸ್ಪೆಲಿಂಗ್, ಚಿಲ್ಲರೆ. ಹಾಗೆ ಬರೆದ ಹಾಳೆ ಇದ್ದರೆ ಕಾಮೆಂಟ್‌ನಲ್ಲಿ ಹಾಕಿ, ಕೂತು ಲೆಕ್ಕ ಮಾಡಿಕೊಡುತ್ತೇನೆ.