ಅಪ್ಪನಿಗೆ 'ತಾವು' ಅಂದವರು ಯಾರು?

ನಿನ್ನೆ ಸಂಜೆ ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ. ಇವತ್ತು ಅಪ್ಪನಿಗೆ ಎಪ್ಪತ್ತು. ಬೆಂಗಳೂರಿನಿಂದ ತಮ್ಮ ಫೋನ್ ಮಾಡಿ, "ಅಕ್ಕಾ, ಒಂದು ಛಲೋ ಕಾರ್ಡ್ ನೋಡು, ದುಡ್ಡಿನ ಚಿಂತಿ ಬ್ಯಾಡ" ಅಂದಿದ್ದ. ಅಂಗಡಿಯಲ್ಲಿ ಹತ್ತು ಹನ್ನೆರಡು ಕಾರ್ಡ್ ತೆಗೆದು ನೋಡಿದೆ. ಎಲ್ಲದರಲ್ಲೂ ಅಪ್ಪ ಆಲದ ಮರ. ಎಲ್ಲದರಲ್ಲೂ ಅಪ್ಪ ಕಣ್ಣಿಗೆ ಕಾಣುವ ದೇವರು. 'ಜೀವ' ಬಂದ ಸಾಲಿನ ಕೆಳಗೆ 'ದೈವ' ಇರಲೇಬೇಕು. ಒಂದರಲ್ಲಂತೂ 'ಹಾದಿ೯ಕ ಶುಭಾಶಯಗಳು' ಅಂತ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು ಕೂತಿತ್ತು. ಅದಕ್ಕೆ ಅರವತ್ತು ರೂಪಾಯಿ!

ನನಗೆ ಸಿಟ್ಟು ಬಂದಿದ್ದು ಒಂಬತ್ತಕ್ಕಲ್ಲ, 'ತಾವು' ಅನ್ನೋ ಪದಕ್ಕೆ. 'ತಾವು ನಮಗೆ ತೋರಿದ ದಾರಿ...' ನಮ್ಮ ಮನೆಯಲ್ಲಿ ಅಪ್ಪನಿಗೆ 'ತಾವು' ಅಂದವರು ಯಾರು? ನಾವು 'ನೀ' ಅಂತೀವಿ. 'ಅಪ್ಪಾ, ನೀ ಉಂಡಿಯೇನು?' ಅಷ್ಟೇ. ಮೊದಲ ಪದದಲ್ಲೇ ಅಪ್ಪನನ್ನು ಪಕ್ಕದ ಮನೆಯವರನ್ನಾಗಿ ಮಾಡಿದ ಮೇಲೆ ಕೆಳಗೆ ಏನು ಬರೆದರೂ ಅದು ಅವನಿಗೆ ಸೇರೋದಿಲ್ಲ.

ಹಾಗೆ ನೋಡಿದರೆ ಅಪ್ಪನ ಹುಟ್ಟುಹಬ್ಬವೇ ಅವನದಲ್ಲ. ನಿಮ್ಮಲ್ಲಿ ಅರ್ಧ ಜನರ ಅಪ್ಪಂದಿರ ಹಾಗೆ ಜೂನ್ 1. ಶಾಲೆಗೆ ಹಾಕುವಾಗ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು. ಅಜ್ಜಿ ಲೆಕ್ಕದಲ್ಲಿ ಅವನು ಹುಟ್ಟಿದ್ದು ಶರಣಬಸಪ್ಪನ ಜಾತ್ರೆ ಮುಗಿದ ವಾರ. ತಾರೀಖು ಮಾಸ್ತರರದು, ಇನ್ನು ಮಾತೂ ಪ್ರಿಂಟಿಂಗ್ ಪ್ರೆಸ್ಸಿನವರದಾ?

ಖಾಲಿ ಬಿಳಿ ಕಾರ್ಡ್ ತಂದೆ. ತಮ್ಮನಿಗೆ ಫೋನ್ ಹಚ್ಚಿ, "ನೀನೇ ಹೇಳು, ನಾ ಬರೀತೀನಿ" ಅಂದೆ. ಅವನ ಮೊದಲ ಸಾಲು: 'ಅಪ್ಪಾ, ನೀ ನಮಗಾಗಿ ಭಾಳ ಕಷ್ಟಪಟ್ಟಿ.' ನನ್ನ ಪರೀಕ್ಷೆ ಒಂದೇ. ಈ ಸಾಲನ್ನು ಎದುರು ಮನೆ ಕಾಕಾನಿಗೆ ಕೊಟ್ಟರೂ ನಡೆಯುತ್ತಾ? ನಡೆದರೆ ಹೊಡೆದುಹಾಕು. ಹೊಡೆದೆ. 'ಹಗಲು ರಾತ್ರಿ ದುಡಿದಿ' ಅಂದ. ಅದೂ ಕಾಕಾನಿಗೆ ಹೋಗುತ್ತೆ, ಹೊಡೆದೆ. ಅವನಿಗೆ ರೇಗಿತು. "ಎಲ್ಲರೂ ಕವಿಗಳಾ ಅಕ್ಕಾ? ಭಾವ ಮುಖ್ಯ" ಅಂದ. ಈ ಮಾತು ನೀವೂ ಕಾಮೆಂಟಿನಲ್ಲಿ ಹಾಕ್ತೀರಿ, ಗೊತ್ತು. ಸರಿ, ಭಾವ ಮುಖ್ಯವೇ. ಆದರೆ ಯಾರದು? ಪ್ರಾಸ ಕೂಡಿಸಿದವನದಾ? ಕವಿ ಆಗು ಅಂತ ನಾನೆಲ್ಲಿ ಅಂದೆ? ಪ್ರಾಸ ಬೇಡ ಅಂತಲೇ ಹೇಳಿದ್ದು. ಪ್ರಾಸಕ್ಕೆ 'ದೈವ' ಬೇಕಾದ ಕೂಡಲೇ ನಮ್ಮಪ್ಪ ದೇವರಾಗಿಬಿಡುತ್ತಾನೆ, ಪಾಪ.

'ಅಪ್ಪನ ಗುಣ ಹೇಳು' ಅಂತ ಕೇಳಿದರೆ ಯಾರಿಗಾದರೂ ತ್ಯಾಗ, ಪ್ರೀತಿ ಅಂತ ಕಾರ್ಡಿನ ಮಾತೇ ಬರುತ್ತೆ. ಅದಕ್ಕೆ ಬೇರೆ ಕೇಳಿದೆ. "ಅಪ್ಪನ ಕೈ ನೆನಪು ಮಾಡ್ಕೋ. ಏನು ಹಿಡ್ಕೊಂಡದ?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನೋಟು. ಬೆರಳಿನ ಸಂದಿಯೊಳಗೆ ಉದ್ದಕ ಮಡಚಿದ್ದು" ಅಂದ. ಅಪ್ಪ ಕಂಡಕ್ಟರ್ ಆಗಿದ್ದ ಅಲ್ವಾ, ಈಗಲೂ ತರಕಾರಿಗೆ ಹೋದರೆ ನೋಟು ಹಾಗೇ ಹಿಡೀತಾನೆ. ಅಲ್ಲಿಂದ ಮಾತು ಬಿಚ್ಚಿತು. ಹತ್ತು ನಿಮಿಷದಲ್ಲಿ ಕಾರ್ಡಿಗೆ ಇಷ್ಟು ಬಂತು:

'ಅಪ್ಪಾ, ವಸ್ತಿ ಗಾಡಿ ಮುಗಿಸಿ ನಸುಕಿನ್ಯಾಗ ಬರ್ತಿದ್ದಿ. ಖಾಕಿ ಅಂಗಿ ಕಿಸೆದಾಗಿನ ಶೇಂಗಾ ತಗದು ನಮ್ಮ ತಲೆದಿಂಬಿನ ಬಾಜೂಕ ಇಡ್ತಿದ್ದಿ. ನಾ ಎದ್ದೇ ಇರ್ತಿದ್ದೆ. ನಿದ್ದಿ ಬಂದಂಗ ಮಾಡ್ತಿದ್ದೆ.'

ಇದನ್ನು ಕಾಕಾನಿಗೆ ಕೊಡಿ ನೋಡೋಣ.

ತಮ್ಮ ಇನ್ನೊಂದು ಸಾಲು ಸೇರಿಸು ಅಂದ. ಅವನ ಕಾಲೇಜ್ ಫೀಸಿಗೆ ಅಪ್ಪ ಸಾಲ ಕೇಳೋಕೆ ಹೋಗಿ ವರಾಂಡದಲ್ಲಿ ಎರಡು ತಾಸು ಕೂತಿದ್ದು. ಅದೂ ಅಪ್ಪನದೇ, ಬೇರೆ ಯಾರಿಗೂ ಹೋಗೋದಿಲ್ಲ. ಆದರೂ ಬರೆಯಲಿಲ್ಲ. ಕೇಕ್ ಕತ್ತರಿಸುವಾಗ ಕಾರ್ಡ್ ಕೈಯಿಂದ ಕೈಗೆ ಹೋಗುತ್ತೆ, ಬೀಗರೂ ಓದ್ತಾರೆ. ಅಪ್ಪ ಎಪ್ಪತ್ತನೇ ವಯಸ್ಸಿನಲ್ಲಿ ಮತ್ತೆ ಆ ವರಾಂಡದಲ್ಲಿ ಕೂರೋದು ಬೇಡ. ಅದನ್ನು ಫೋನಿನಲ್ಲಿ ನೀನೇ ಹೇಳು ಅಂದೆ.

ಇಷ್ಟು ಉಪದೇಶ ಮಾಡುವ ನಾನು ಹೋದ ವರ್ಷ ಏನು ಮಾಡಿದ್ದೆ ಗೊತ್ತಾ? ವಾಟ್ಸ್ಆ್ಯಪಿನಲ್ಲಿ ಬಂದ ಗುಲಾಬಿ ಹೂವಿನ ಚಿತ್ರವನ್ನೇ ಅಪ್ಪನಿಗೆ ದಾಟಿಸಿದ್ದೆ. ಅವನು ಹೆಬ್ಬೆಟ್ಟು ಒತ್ತಿದ್ದ. ಅಲ್ಲಿಗೆ ಮುಗಿದಿತ್ತು.

ಇವತ್ತು ಮುಂಜಾನೆ ಕಾರ್ಡ್ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡ. ಎರಡು ಸಲ ಓದಿದ. ಆಮೇಲೆ ತಾನೇ ತಮ್ಮನಿಗೆ ಫೋನ್ ಮಾಡಿದ.

"ಶೇಂಗಾ ಅಲ್ಲಪಾ ಅವು, ಪುಟಾಣಿ. ಶೇಂಗಾ ನಿಮ್ಮಕ್ಕಗ ಕೆಮ್ಮು ಬರ್ತಿತ್ತು. ಮತ್ತ ನೀ ಎದ್ದಿರ್ತಿದ್ದಿ ಅಂತ ನನಗ ಗೊತ್ತಿತ್ತು."