ಕಾಕಾನ ಅರ್ಜಿಗೆ ವಜನ

ಪಕ್ಕದ ಮನೆ ಕಾಕಾ ಒಂದು ಚೀಟಿ ತಂದು ಮುಂದೆ ಇಟ್ಟರು. 'ನಾಕ್ ದಿನಾ ಆಯ್ತ್ರಿ, ನಮ್ಮ ಓಣ್ಯಾಗ ನೀರ ಬಂದಿಲ್ಲ. ಜಲ್ದಿ ಬಿಡ್ರಿ.' ಇದಕ್ಕೆ ಜರಾ ವಜನ ಬರಬೇಕಂತೆ. ಕಲಬುರಗಿಯ ಬೇಸಿಗೆ, ಮಧ್ಯಾಹ್ನದ ನಿದ್ದೆ ಬೇರೆ ಹೋಯಿತು.

ಮೊದಲು 'ಜಲ್ದಿ' ತೆಗೆದು 'ಶೀಘ್ರವಾಗಿ' ಹಾಕಿದೆ. 'ಶೀಘ್ರವಾಗಿ ಬಿಡ್ರಿ.' ಓದಿದರೆ ಸಾಹೇಬರನ್ನು ಅಣಕಿಸಿದಂತಿತ್ತು. ತಿರುಗಿಸಿ ನೋಡಿದೆ: 'ಜಲ್ದಿ ಬಿಡಬೇಕೆಂದು ಕೋರುತ್ತೇನೆ.' ಜಲ್ದಿ ಅಲ್ಲೇ ಕೂತಿದ್ದರೂ ವಾಕ್ಯ ಆಗಲೇ ಕಚೇರಿಗೆ ಹೊರಟಿತ್ತು. ಎಷ್ಟು ದೊಡ್ಡ ಪದ ತಂದರೂ ಕೊನೆಯ ಕ್ರಿಯಾಪದ ಓಣಿಯಲ್ಲೇ ಇದ್ದರೆ ಇಡೀ ವಾಕ್ಯ ಓಣಿಯಲ್ಲೇ ಉಳಿಯುತ್ತದೆ. ಹಾಗಾಗಿ ಮೊದಲು ಬಾಲ ಬದಲಿಸಬೇಕು. ಆಮೇಲೆ 'ಓಣ್ಯಾಗ' ಹೋಗಿ 'ಓಣಿಯಲ್ಲಿ' ಆಗಬೇಕು. ಪದಗಳ ಸರದಿ ಕೊನೆಗೆ.

ನಡುವೆ 'ಬಿಡಿ' ಅಂತಲೂ ಬರೆದಿದ್ದೆ. ಕಾಕಾ ಒಪ್ಪಲಿಲ್ಲ. 'ರಿ ಎಲ್ಲಿ ಹೋಯ್ತು? ಸಾಹೇಬ್ರಿಗೆ ಮರ್ಯಾದಿ ಬ್ಯಾಡೇನು?' ಅಂದರು. ಅವರು ಹೇಳಿದ್ದು ಸರಿ. ನಮ್ಮ ಕಡೆ ಕಿವಿಗೆ 'ಬಿಡಿ' ಅನ್ನುವುದೇ ಒರಟು.

ಕೊನೆಯ ಮೆಟ್ಟಿಲು ಹೀಗೆ ಬಂತು: 'ನಾಲ್ಕು ದಿನಗಳಿಂದ ನೀರು ಸರಬರಾಜು ಸ್ಥಗಿತಗೊಂಡಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.' ವಜನವೇನೋ ಬಂತು. ಆದರೆ ನೀರು ಬಿಡದ ಮನುಷ್ಯ ಮಾಯವಾದ. ನೀರು ತಾನಾಗಿಯೇ ನಿಂತುಬಿಟ್ಟಿದೆ, ಯಾರ ತಪ್ಪೂ ಇಲ್ಲ! ನಾವು ಕೇಳುತ್ತಿರುವುದೂ ನೀರನ್ನಲ್ಲ, ಕ್ರಮವನ್ನು. ನಾಳೆ 'ಕ್ರಮ ಕೈಗೊಳ್ಳಲಾಗಿದೆ' ಅಂತ ಉತ್ತರ ಬಂದರೆ ಖಾಲಿ ಕೊಡ ಹಿಡಿದು ಜಗಳ ಆಡೋಕೂ ಆಗಲ್ಲ. ಸುಮ್ನೆ 'ನೀರು ಬಿಡಿಸಬೇಕೆಂದು ಕೋರುತ್ತೇನೆ' ಅಂತ ತಿದ್ದಿದೆ. ಅಷ್ಟು ವಜನ ಸಾಕು.

ನನ್ನನ್ನು ಕಾಡಿದ್ದು ಮಾತ್ರ ಆ ಬಡಪಾಯಿ 'ಜಲ್ದಿ'. ಅರ್ಜಿ, ಮಂಜೂರು, ಜಾರಿ, ವಜಾ, ಇವೆಲ್ಲ ಪಾರ್ಸಿ-ಅರಬ್ಬಿ ಕಡೆಯಿಂದ ಬಂದವು. ಜಲ್ದಿಯೂ ಅದೇ ದಾರಿಯಲ್ಲಿ ಬಂದದ್ದು. ಆದರೆ ಅವರೆಲ್ಲ ಕುರ್ಚಿಯಲ್ಲಿ ಕೂತರು, ಇದು ಬಾಗಿಲ ಹೊರಗೇ ನಿಂತಿತು. ಆದೇಶ ಜಾರಿಯಾಗಬಹುದು, ಜಲ್ದಿ ಜಾರಿಯಾಗುವಂತಿಲ್ಲ! ಸಂಸ್ಕೃತದ ಪದ ಹಾಕಿದರೆ ಗಂಭೀರ, ಉರ್ದು ಪದ ಬಂದರೆ ಹಗುರ ಅಂತ ಪಾಠ ಮಾಡುವವರು ಈ ಅರ್ಜಿಗೆ ಏನು ಹೇಳುತ್ತಾರೋ. 1948ರವರೆಗೆ ನಮ್ಮ ಭಾಗ ನಿಜಾಮರ ಕೈಯಲ್ಲಿತ್ತು, ಕಚೇರಿಯ ಕಾಗದ ಉರ್ದುವಿನಲ್ಲಿ ಓಡಾಡುತ್ತಿತ್ತು. ಕಾಗದದ ಮೇಲೆ ಕೂತ ಪದಕ್ಕೆ ಗತ್ತು ಬಂತು, ಬಜಾರಿನಲ್ಲಿ ಓಡಾಡಿದ್ದಕ್ಕೆ ಬರಲಿಲ್ಲ ಅಂತ ನನ್ನ ಗುಮಾನಿ. ಆದರೆ ಮೈಸೂರು ಕಡೆಯ ಕಚೇರಿಗಳಲ್ಲೂ ಇವೇ ಪದಗಳಿವೆ ಅಲ್ವಾ? ಅಲ್ಲಿ ನಿಜಾಮರಿರಲಿಲ್ಲ. ಹಾಗಾದರೆ...

'ಅದೆಲ್ಲಾ ಇರ್ಲಿ,' ಅಂದರು ಕಾಕಾ, 'ನೀರಿಂದು ಬರದೀಯೇನು?'